ಸಂಶೋಧನಾ ಪೇಪರ್‌ನಲ್ಲಿ ‘ಎಣಿಸಲಾಯಿತು’ ಎಲ್ಲಿ, ‘ಎಣಿಸಿದೆವು’ ಎಲ್ಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಕಾಫಿ, ಏಲಕ್ಕಿ, ಕಾಡು, ಮಣ್ಣಿನ ಮೇಲೆ ಕೆಲಸ ಮಾಡಿ ಮೊದಲ ಪೇಪರ್ ಬರೆಯುತ್ತಿರುವವರಿಗಾಗಿ ಈ ಪುಟ. ಪೇಪರ್ ಇಂಗ್ಲಿಷ್‌ನಲ್ಲೇ ಇರುತ್ತದೆ, ಆದರೆ ಯೋಚನೆ ಕನ್ನಡದಲ್ಲಿ ನಡೆಯುತ್ತದೆ ಅಲ್ವಾ? ಹಾಗಾಗಿ ಉದಾಹರಣೆಗಳನ್ನು ಹೆಚ್ಚಾಗಿ ಕನ್ನಡದಲ್ಲೇ ಕೊಟ್ಟಿದ್ದೇನೆ. ಉದ್ದಕ್ಕೂ ಒಂದೇ ವಿಷಯ ಹಿಡಿದಿದ್ದೇನೆ: ಅರೇಬಿಕಾ ಗಿಡಕ್ಕೆ ಬೀಳುವ ಬಿಳಿ ಕಾಂಡಕೊರಕ. ಅಧ್ಯಯನ ಮಾತ್ರ ಈ ಪುಟಕ್ಕಾಗಿ ನಾನೇ ಕಟ್ಟಿದ್ದು. ಅದರ ಅಂಕಿಗಳನ್ನು ಎಲ್ಲೂ ಬಳಸಬೇಡಿ.

ಕರ್ಮಣಿ ಪ್ರಯೋಗವನ್ನು ಗುರುತಿಸುವುದು ಹೇಗೆ?

‘ಗಿಡಗಳನ್ನು ಎಣಿಸಿದೆವು’ ಎಂದರೆ ಕರ್ತರಿ. ಎಣಿಸಿದವರು ನಾವು ಎಂದು ಕ್ರಿಯಾಪದವೇ ಹೇಳುತ್ತದೆ. ‘ಗಿಡಗಳನ್ನು ಎಣಿಸಲಾಯಿತು’ ಎಂದಾಗ ಎಣಿಸಿದವರು ಮಾಯ. ಇಂಗ್ಲಿಷ್‌ನಲ್ಲಿ ಇದು ‘ವಿ ಕೌಂಟೆಡ್ ದ ಪ್ಲಾಂಟ್ಸ್’ ಮತ್ತು ‘ದ ಪ್ಲಾಂಟ್ಸ್ ವರ್ ಕೌಂಟೆಡ್’ ಎಂದಾಗುತ್ತದೆ.

‘ವಾಸ್’, ‘ವರ್’ ಕಂಡ ತಕ್ಷಣ ಕರ್ಮಣಿ ಎಂದುಕೊಳ್ಳಬೇಡಿ. ‘ದ ಸ್ಲೋಪ್ ವಾಸ್ ಸ್ಟೀಪ್’ ಎಂಬುದು ಬರೀ ವರ್ಣನೆ. ವಾಕ್ಯದ ಕೊನೆಗೆ ‘ಬೈ ಸಮ್‌ಒನ್’ ಸೇರಿಸಿ ಓದಿ ನೋಡಿ. ಅರ್ಥ ನಿಂತರೆ ಕರ್ಮಣಿ. ಇಳಿಜಾರನ್ನು ಯಾರೂ ಕಡಿದಾಗಿ ‘ಮಾಡಿಲ್ಲ’, ಹಾಗಾಗಿ ಅಲ್ಲಿ ನಿಲ್ಲುವುದಿಲ್ಲ.

‘ವಿ’ ಎಂದು ಬರೆದರೆ ಪೇಪರ್ ತಿರಸ್ಕರಿಸುತ್ತಾರಾ?

ಇಲ್ಲ. ಈ ಭಯ ಬಹಳ ಜನಕ್ಕಿದೆ, ಆದರೆ ಹಳೇ ಭಯ. ನೇಚರ್ ಪತ್ರಿಕೆಗಳು ಲೇಖಕರಿಗೆ ಕೊಡುವ ಸೂಚನೆಯಲ್ಲೇ ಕರ್ತರಿ ಪ್ರಯೋಗ ನಮಗೆ ಇಷ್ಟ ಎಂದು ಹೇಳಿಕೊಂಡಿವೆ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಶನ್‌ನ ಎಪಿಎ ಶೈಲಿ ಎರಡನ್ನೂ ಒಪ್ಪುತ್ತದೆ, ಆದರೆ ಲೇಖಕರು ಕರ್ಮಣಿಯನ್ನು ಅತಿಯಾಗಿ ಬಳಸುತ್ತಾರೆ ಎಂದು ಎಚ್ಚರಿಸುತ್ತದೆ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ರಚನೆಯ ಬಗ್ಗೆ ಬರೆದ ಪೇಪರ್ ಶುರುವಾಗುವುದೇ ‘ವಿ ವಿಶ್ ಟು ಸಜೆಸ್ಟ್’ ಎಂದು. ಇನ್ನೂ ಹಿಂದಕ್ಕೆ ಹೋದರೆ, ನ್ಯೂಟನ್ 1672ರಲ್ಲಿ ಬೆಳಕು ಮತ್ತು ಬಣ್ಣದ ಬಗ್ಗೆ ಬರೆದಾಗ, ನಾನು ಒಂದು ಗಾಜಿನ ಪಟ್ಟಕ ತಂದುಕೊಂಡೆ ಎಂದೇ ಶುರು ಮಾಡಿದ. ಎಲ್ಲವನ್ನೂ ‘ಮಾಡಲಾಯಿತು’ ಎನ್ನುವ ಅಭ್ಯಾಸ ಗಟ್ಟಿಯಾದದ್ದು ಅದಕ್ಕಿಂತ ಬಹಳ ಆಮೇಲೆ.

ನಿಮ್ಮ ವಿಷಯದ ಪತ್ರಿಕೆ ಬೇರೆ ರೀತಿ ಇರಬಹುದು. ಅದರ ಇತ್ತೀಚಿನ ಸಂಚಿಕೆ ತೆಗೆದು ನಾಲ್ಕೈದು ಪೇಪರ್‌ಗಳ ಮೆಥಡ್ಸ್ ಭಾಗ ಓದಿ. ‘ವಿ’ ಇದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಹಾಗಾದರೆ ಎಲ್ಲಾ ಕರ್ಮಣಿ ವಾಕ್ಯಗಳನ್ನೂ ಬದಲಾಯಿಸಬೇಕಾ?

ಬೇಡ. ಈಗ ಎಷ್ಟೋ ಜನ ಇನ್ನೊಂದು ತುದಿಗೆ ಹೋಗಿ ಪೇಪರ್ ಕೆಡಿಸುತ್ತಿದ್ದಾರೆ. ಕರ್ಮಣಿಗೆ ಅದರದ್ದೇ ಒಂದು ಕೆಲಸ ಇದೆ. ಯಾವ ವಸ್ತುವಿನ ಬಗ್ಗೆ ಮಾತಾಡುತ್ತಿದ್ದೇವೋ ಅದನ್ನು ವಾಕ್ಯದ ಮೊದಲಲ್ಲೇ ಇಡುವುದು ಆ ಕೆಲಸ.

ಕೊರಕ ಬಿದ್ದ ಕಾಂಡಗಳಿಂದ ದುಂಬಿ ಯಾವಾಗ ಹೊರಬರುತ್ತದೆ ಎಂದು ನೋಡಬೇಕು ಅಂದುಕೊಳ್ಳಿ. ಹೀಗೆ ಬರೆಯುತ್ತೀರಿ: ‘ಕಿತ್ತ ಗಿಡಗಳ ಕಾಂಡವನ್ನು ತುಂಡು ಮಾಡಿ ಲ್ಯಾಬ್‌ಗೆ ತರಲಾಯಿತು. ತುಂಡುಗಳನ್ನು ಬಲೆ ಹೊದಿಸಿದ ಪಂಜರದಲ್ಲಿ ಇಡಲಾಯಿತು. ಪಂಜರಗಳನ್ನು ಪ್ರತಿದಿನ ಬೆಳಿಗ್ಗೆ ತೆರೆದು, ಹೊರಬಂದ ದುಂಬಿಗಳನ್ನು ಎಣಿಸಲಾಯಿತು.’ ಇಲ್ಲಿ ಓದುವವರ ಕಣ್ಣು ಕಾಂಡದಿಂದ ತುಂಡಿಗೆ, ತುಂಡಿನಿಂದ ಪಂಜರಕ್ಕೆ, ಅಲ್ಲಿಂದ ದುಂಬಿಗೆ ಹೋಗುತ್ತದೆ. ಒಂದು ವಾಕ್ಯದಲ್ಲಿ ಬಂದ ವಸ್ತು ಮುಂದಿನ ವಾಕ್ಯದ ಆರಂಭವಾಗುತ್ತದೆ. ಪಂಜರದ ಬಾಗಿಲು ತೆರೆದದ್ದು ಯಾವ ವಿದ್ಯಾರ್ಥಿ ಎಂದು ಯಾರಿಗೂ ಬೇಕಿಲ್ಲ. ಯಾರು ತೆರೆದರೂ ಅಷ್ಟೇ ದುಂಬಿ ಇರುತ್ತವೆ.

ಇದನ್ನೇ ಇಂಗ್ಲಿಷ್‌ನಲ್ಲಿ ಕರ್ತರಿ ಮಾಡಿದರೆ ಮೂರು ವಾಕ್ಯವೂ ‘ವಿ’ ಎಂದೇ ಶುರುವಾಗುತ್ತವೆ. ವಿ ಕಟ್, ವಿ ಕೆಪ್ಟ್, ವಿ ಕೌಂಟೆಡ್. ಪ್ರತಿ ಸಲವೂ ಕಾಂಡವನ್ನು ಬಿಟ್ಟು ನಿಮ್ಮ ಮುಖ ನೋಡಬೇಕಾಗುತ್ತದೆ. ಕನ್ನಡದಲ್ಲಿ ಈ ತೊಂದರೆ ಅಷ್ಟಾಗಿ ಕಾಣುವುದಿಲ್ಲ. ‘ಕತ್ತರಿಸಿದೆವು, ಇಟ್ಟೆವು, ಎಣಿಸಿದೆವು’ ಎಂದರೆ ‘ನಾವು’ ಹೇಳದೆಯೇ ನಡೆಯುತ್ತದೆ, ಕಾಂಡ ಮೊದಲಲ್ಲೇ ಉಳಿಯುತ್ತದೆ. ಇಂಗ್ಲಿಷ್‌ಗೆ ಆ ಸವಲತ್ತು ಇಲ್ಲ. ಅದಕ್ಕೇ ಅಲ್ಲಿ ಮೆಥಡ್ಸ್ ಭಾಗಕ್ಕೆ ಕರ್ಮಣಿ ಜಾಸ್ತಿ ಬೇಕಾಗುತ್ತದೆ.

ಕರ್ತರಿಗೆ ಬದಲಾಯಿಸಲೇಬೇಕಾದ ಜಾಗ ಯಾವುದು?

ಮಾಡಿದವರು ಬದಲಾದರೆ ಫಲಿತಾಂಶ ಬದಲಾಗಬಹುದಾದ ಜಾಗ. ಪ್ರತಿ ‘ಲಾಯಿತು’ ಮುಂದೆ ಕೇಳಿಕೊಳ್ಳಿ: ಇದನ್ನು ಬೇರೆಯವರು ಮಾಡಿದ್ದರೆ ಉತ್ತರ ಬೇರೆ ಬರುತ್ತಿತ್ತಾ? ಹೌದು ಎಂದರೆ ಯಾರು ಮಾಡಿದರೆಂದು ಹೇಳಬೇಕು.

ಕಾಂಡಕೊರಕದ ವಿಷಯದಲ್ಲಿ ಇದು ಬಹಳ ಸ್ಪಷ್ಟ. ಹುಳು ಕಾಂಡದ ಒಳಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕಾಂಡದ ಮೇಲೆ ಏಳುವ ಉಬ್ಬುಗೆರೆ, ಹಳದಿಯಾಗಿ ಬಾಡುವ ಎಲೆ ನೋಡಿ ಊಹಿಸಬೇಕು. ವರ್ಷಗಟ್ಟಲೆ ಬೋರರ್ ಟ್ರೇಸಿಂಗ್ ಮಾಡಿದ ತೋಟದ ಕೆಲಸಗಾರರು ಕೈಯಾಡಿಸಿಯೇ ಗೆರೆ ಹಿಡಿಯುತ್ತಾರೆ. ಮೊದಲ ಸಲ ತೋಟಕ್ಕೆ ಬಂದ ವಿದ್ಯಾರ್ಥಿಗೆ ಪಾಚಿ ಮುಚ್ಚಿದ ಕಾಂಡದಲ್ಲಿ ಅದೇ ಗೆರೆ ಸಿಗದೇ ಹೋಗಬಹುದು. ಹೀಗಿರುವಾಗ ‘ಗಿಡಗಳನ್ನು ಪರೀಕ್ಷಿಸಲಾಯಿತು’ ಎಂದರೆ ಯಾರ ಕಣ್ಣನ್ನು ನಂಬಬೇಕು? ರಿವ್ಯೂ ಮಾಡುವವರು ಮೊದಲು ಕೇಳುವುದು ಇದನ್ನೇ.

ಮಳೆ ಲೆಕ್ಕವೂ ಹಾಗೆಯೇ. ನಮ್ಮಲ್ಲಿ ಎಷ್ಟೋ ತೋಟಗಳಲ್ಲಿ ಸ್ವಂತ ಮಳೆ ಮಾಪಕ ಇದೆ, ದಿನವೂ ಇಂಚು–ಸೆಂಟ್ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯುತ್ತಾರೆ. ನೀವು ಆ ಪುಸ್ತಕದಿಂದ ಅಂಕಿ ತೆಗೆದು, ಒಂದು ಇಂಚಿಗೆ 25.4 ಮಿಲಿಮೀಟರ್‌ನಂತೆ ಬದಲಾಯಿಸಿದ್ದೀರಿ. ಪೇಪರ್‌ನಲ್ಲಿ ‘ಮಳೆಯನ್ನು ಅಳೆಯಲಾಯಿತು’ ಎಂದು ಹಾಕಿದರೆ ನೀವೇ ಮಾಪಕ ಇಟ್ಟು ಅಳೆದಂತೆ ಕೇಳಿಸುತ್ತದೆ. ಅಳೆದವರು ತೋಟದವರು, ಬದಲಾಯಿಸಿದವರು ನೀವು. ಎರಡು ಕೆಲಸ, ಇಬ್ಬರು ಕರ್ತೃ. ಕರ್ಮಣಿ ಎರಡನ್ನೂ ಒಂದೇ ಮಾಡಿಬಿಡುತ್ತದೆ. ಅದು ಶೈಲಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ, ಬೇರೆಯವರ ಶ್ರಮ ನಮ್ಮ ಹೆಸರಿಗೆ ಬಂದಂತಾಗುತ್ತದೆ.

ಮೂರನೆಯದು ತೀರ್ಮಾನಗಳು. ‘ಪರಿಗಣಿಸಲಾಯಿತು’, ‘ಊಹಿಸಲಾಯಿತು’, ‘ಕೈಬಿಡಲಾಯಿತು’ ಈ ಮೂರು ಪದ ಬಂದಲ್ಲೆಲ್ಲ ನಿಲ್ಲಿ. ಯಾವುದೋ ಲೆಕ್ಕ ಕೈಬಿಟ್ಟಿದ್ದೀರಿ ಎಂದರೆ ಅದು ತಾನಾಗಿ ಬಿದ್ದುಹೋಗಿಲ್ಲ. ನೀವು ಬಿಟ್ಟಿದ್ದೀರಿ, ಒಂದು ಕಾರಣಕ್ಕೆ ಬಿಟ್ಟಿದ್ದೀರಿ. ‘ನಾವು ಕೈಬಿಟ್ಟೆವು’ ಎಂದು ಬರೆದ ಕೂಡಲೇ ‘ಏಕೆಂದರೆ’ ಬರೆಯದೆ ವಾಕ್ಯ ಮುಗಿಸಲು ಕೈ ಬರುವುದಿಲ್ಲ. ಕರ್ಮಣಿಯಲ್ಲಿ ಆ ಸಂಕೋಚ ಆಗುವುದಿಲ್ಲ.

ಒಂದು ಪ್ಯಾರಾ ತಿದ್ದಿ ತೋರಿಸಬಹುದಾ?

ಮೊದಲು ತಿದ್ದದ ರೂಪ. ಮೊದಲ ಡ್ರಾಫ್ಟ್‌ಗಳು ಸಾಮಾನ್ಯವಾಗಿ ಹೀಗಿರುತ್ತವೆ:

‘ಸೋಮವಾರಪೇಟೆ ತಾಲ್ಲೂಕಿನ ಒಂದು ಅರೇಬಿಕಾ ತೋಟದಲ್ಲಿ 20 ಪ್ಲಾಟ್‌ಗಳನ್ನು ಆಯ್ಕೆ ಮಾಡಲಾಯಿತು. ಪ್ರತಿ ಪ್ಲಾಟ್‌ನಲ್ಲಿ 50 ಗಿಡಗಳನ್ನು ಪರೀಕ್ಷಿಸಲಾಯಿತು. ಕಾಂಡದಲ್ಲಿ ಉಬ್ಬುಗೆರೆ ಇದ್ದ ಗಿಡಗಳನ್ನು ಪೀಡಿತ ಎಂದು ಪರಿಗಣಿಸಲಾಯಿತು. ನೆರಳಿನ ಪ್ರಮಾಣವನ್ನು ಡೆನ್ಸಿಯೋಮೀಟರ್‌ನಿಂದ ಪ್ಲಾಟ್‌ನ ನಾಲ್ಕು ಮೂಲೆ ಮತ್ತು ಮಧ್ಯದಲ್ಲಿ ಅಳೆಯಲಾಯಿತು. ಎರಡು ಪ್ಲಾಟ್‌ಗಳನ್ನು ವಿಶ್ಲೇಷಣೆಯಿಂದ ಕೈಬಿಡಲಾಯಿತು.’

ಐದು ವಾಕ್ಯ, ಐದು ‘ಲಾಯಿತು’. ಒಂದೊಂದಾಗಿ ನೋಡೋಣ.

ಪ್ಲಾಟ್ ಆಯ್ಕೆ ಒಂದು ತೀರ್ಮಾನ. ಲಾಟರಿ ಎತ್ತಿ ಆರಿಸಿದಿರಾ, ನೆರಳು ಹೆಚ್ಚು ಕಡಿಮೆ ಇರಲೆಂದು ನೋಡಿ ಆರಿಸಿದಿರಾ, ಅಥವಾ ಜೀಪ್ ಹೋಗುವ ದಾರಿ ಪಕ್ಕದಲ್ಲೇ ಆರಿಸಿದಿರಾ? ಇದು ಕರ್ತರಿ ಆಗಬೇಕು. ಪರೀಕ್ಷೆ ನೋಡುವವರ ಕಣ್ಣಿನ ಮೇಲೆ ನಿಂತಿದೆ, ಅದೂ ಕರ್ತರಿ. ಯಾವ ಗಿಡ ಪೀಡಿತ ಎಂಬುದು ನೀವು ಹಾಕಿಕೊಂಡ ಗೆರೆ, ಅದೂ ಕರ್ತರಿಯೇ. ಡೆನ್ಸಿಯೋಮೀಟರ್ ವಾಕ್ಯ ಹಾಗೇ ಇರಲಿ. ಉಪಕರಣ ಯಾವುದು, ಎಲ್ಲಿ ಹಿಡಿದದ್ದು ಎಂಬುದೇ ಅಲ್ಲಿ ಮುಖ್ಯ. ಎಲ್ಲವನ್ನೂ ಒಬ್ಬರೇ ಅಳೆದಿದ್ದರೆ ಹೆಸರು ಬೇಕಿಲ್ಲ. ಇಬ್ಬರು ಹಂಚಿಕೊಂಡಿದ್ದರೆ ಮಾತ್ರ ಹೇಳಿ, ಏಕೆಂದರೆ ಡೆನ್ಸಿಯೋಮೀಟರ್‌ನ ಚೌಕ ಕೊರೆದ ಕನ್ನಡಿಯಲ್ಲಿ ನೆರಳಿನ ಚೌಕ ಎಣಿಸುವುದು ಒಬ್ಬರಿಂದ ಒಬ್ಬರಿಗೆ ಸ್ವಲ್ಪ ಬದಲಾಗುತ್ತದೆ. ಕೊನೆಯದು ‘ಕೈಬಿಡಲಾಯಿತು’. ಅದರ ಬಗ್ಗೆ ಆಗಲೇ ಹೇಳಿದೆ.

ತಿದ್ದಿದ ರೂಪ:

‘ನೆರಳು ಕಡಿಮೆ ಇರುವ ಜಾಗದಿಂದ ದಟ್ಟವಾಗಿರುವ ಜಾಗದವರೆಗೆ ಎಲ್ಲ ಬಗೆಯೂ ಸೇರುವಂತೆ, ಸೋಮವಾರಪೇಟೆ ತಾಲ್ಲೂಕಿನ ಒಂದು ಅರೇಬಿಕಾ ತೋಟದಲ್ಲಿ 20 ಪ್ಲಾಟ್ ಆರಿಸಿಕೊಂಡೆವು. ಪ್ರತಿ ಪ್ಲಾಟ್‌ನಲ್ಲಿ 50 ಗಿಡಗಳನ್ನು ತೋಟದ ಇಬ್ಬರು ಅನುಭವಿ ಟ್ರೇಸಿಂಗ್ ಕೆಲಸಗಾರರು ಪರೀಕ್ಷಿಸಿದರು. ಅವರು ಗುರುತು ಹಾಕಿದ ಪ್ರತಿ ಗಿಡವನ್ನೂ ಲೇಖಕರಲ್ಲೊಬ್ಬರು ಮತ್ತೆ ನೋಡಿದರು. ಕಾಂಡದಲ್ಲಿ ಒಂದಾದರೂ ಉಬ್ಬುಗೆರೆ ಇದ್ದರೆ ಗಿಡ ಪೀಡಿತ ಎಂದು ಲೆಕ್ಕ ಹಾಕಿದೆವು. ನೆರಳಿನ ಪ್ರಮಾಣವನ್ನು ಡೆನ್ಸಿಯೋಮೀಟರ್‌ನಿಂದ ಪ್ಲಾಟ್‌ನ ನಾಲ್ಕು ಮೂಲೆ ಮತ್ತು ಮಧ್ಯದಲ್ಲಿ ಅಳೆಯಲಾಯಿತು. ಎರಡು ಪ್ಲಾಟ್‌ಗಳಲ್ಲಿ ನಾವು ಎಣಿಸುವ ಮೊದಲೇ ಪೀಡಿತ ಗಿಡಗಳನ್ನು ಮಾಲೀಕರು ಕೀಳಿಸಿದ್ದರು. ಆದ್ದರಿಂದ ಅವನ್ನು ವಿಶ್ಲೇಷಣೆಯಿಂದ ಬಿಟ್ಟೆವು.’

ಉದ್ದ ಆಯಿತು, ನಿಜ. ಆದರೆ ಮೂರನೇ ವಾಕ್ಯ ನೋಡಿ. ಗುರುತು ಹಾಕಿದ ಗಿಡಗಳನ್ನು ಮಾತ್ರ ಮತ್ತೆ ನೋಡಿದ್ದಾರೆ. ಗುರುತು ಹಾಕದೆ ಬಿಟ್ಟ ಗಿಡಗಳನ್ನು ಯಾರೂ ಮತ್ತೆ ನೋಡಿಲ್ಲ. ಅಂದರೆ ತಪ್ಪಾಗಿ ಗುರುತಾದ ಗಿಡಗಳು ಲೆಕ್ಕದಿಂದ ಹೊರಹೋಗುತ್ತವೆ, ಆದರೆ ಕಣ್ತಪ್ಪಿ ಉಳಿದ ಪೀಡಿತ ಗಿಡಗಳು ಸಿಗುವುದೇ ಇಲ್ಲ. ಹಾನಿ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಜೊತೆಗೆ ದಟ್ಟ ನೆರಳಲ್ಲಿ ಕಾಂಡಕ್ಕೆ ಪಾಚಿ ಜಾಸ್ತಿ ಇದ್ದರೆ, ಅಲ್ಲೇ ಕಣ್ತಪ್ಪುವುದೂ ಜಾಸ್ತಿ. ಕೊನೆಗೆ ‘ನೆರಳಿನಲ್ಲಿ ಕೊರಕ ಕಡಿಮೆ’ ಎಂದು ಬಂದ ಫಲಿತಾಂಶದಲ್ಲಿ ಎಷ್ಟು ಪಾಲು ನೆರಳಿನದು, ಎಷ್ಟು ಪಾಲು ಪಾಚಿಯದು? ಕಾಂಡಕೊರಕ ಬಿಸಿಲು ಬೀಳುವ ಕಾಂಡವನ್ನೇ ಇಷ್ಟಪಡುತ್ತದೆ ಎಂಬುದು ಬೆಳೆಗಾರರಿಗೆಲ್ಲ ಗೊತ್ತು. ಉತ್ತರ ನಿರೀಕ್ಷೆಯಂತೆ ಬಂದಾಗ ಇಂಥ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ‘ಪರೀಕ್ಷಿಸಲಾಯಿತು’ ಎಂಬ ವಾಕ್ಯದಲ್ಲಿ ಈ ತೂತು ಕಾಣಿಸುತ್ತಲೇ ಇರಲಿಲ್ಲ. ಹಾಗಾಗಿ ಮೆಥಡ್ಸ್ ಭಾಗವನ್ನು ಫೀಲ್ಡ್ ಕೆಲಸ ಶುರು ಮಾಡುವ ಮೊದಲೇ ಒಮ್ಮೆ ಕರ್ತರಿಯಲ್ಲಿ ಬರೆದು ನೋಡಿ. ಗುರುತು ಹಾಕದ ಗಿಡಗಳಲ್ಲೂ ಒಂದಷ್ಟನ್ನು ಮತ್ತೆ ನೋಡಬೇಕು ಎಂಬುದು ಆಗಲೇ ಹೊಳೆಯುತ್ತದೆ.

ಡಿಸ್ಕಶನ್ ಭಾಗದಲ್ಲಿ ‘ಕಂಡುಬಂದಿದೆ’ ಎಂದು ಬರೆಯಬಹುದಾ?

ಆದಷ್ಟು ಬೇಡ. ‘ನೆರಳು ಹೆಚ್ಚಿದ್ದಲ್ಲಿ ಹಾನಿ ಕಡಿಮೆ ಎಂದು ಕಂಡುಬಂದಿದೆ’ ಎಂದರೆ ಕಂಡವರು ಯಾರು? ನೀವೋ, ಹಿಂದೆ ಅಧ್ಯಯನ ಮಾಡಿದವರೋ? ಇಂಗ್ಲಿಷ್‌ನ ‘ಇಟ್ ವಾಸ್ ಫೌಂಡ್ ದಟ್’ ಕೂಡ ಇದೇ ಗೊಂದಲ ಮಾಡುತ್ತದೆ. ಮೆಥಡ್ಸ್‌ನಲ್ಲಿ ಹೆಚ್ಚಿನ ಕೆಲಸ ನಿಮ್ಮದೇ, ಹಾಗಾಗಿ ಅಷ್ಟು ತೊಂದರೆ ಇಲ್ಲ. ಡಿಸ್ಕಶನ್‌ನಲ್ಲಿ ನಿಮ್ಮ ಮಾತು, ಬೇರೆಯವರ ಮಾತು ಸಾಲು ಸಾಲಾಗಿ ಪಕ್ಕದಲ್ಲೇ ಕೂತಿರುತ್ತವೆ. ಅಲ್ಲಿ ‘ನಮ್ಮ ಪ್ಲಾಟ್‌ಗಳಲ್ಲಿ’ ಅಥವಾ ಇಂಥವರು ಇಂಥ ವರ್ಷ ಎಂದು ಪ್ರತಿ ವಾಕ್ಯದಲ್ಲೂ ಬೇರ್ಪಡಿಸಬೇಕು.

‘ಎಂದು ನಂಬಲಾಗಿದೆ’ ಎಂಬುದು ಇನ್ನೂ ಕೆಟ್ಟದ್ದು. ನೀವು ನಂಬಿದ್ದರೆ ನಂಬಿದ್ದೇವೆ ಎನ್ನಿ, ಕಾರಣ ಕೊಡಿ. ಊರಿನವರು ನಂಬಿದ್ದರೆ ಬೆಳೆಗಾರರು ಹೇಳುತ್ತಾರೆ ಎನ್ನಿ.

‘ಯೂಸಿಂಗ್’ ಎಂದು ಶುರು ಮಾಡಿದ ವಾಕ್ಯಕ್ಕೆ ರಿವ್ಯೂವರ್ ಗೆರೆ ಎಳೆದಿದ್ದಾರೆ. ಏನು ತಪ್ಪು?

‘ಯೂಸಿಂಗ್ ಎ ಡೆನ್ಸಿಯೋಮೀಟರ್, ದ ಪ್ಲಾಟ್ಸ್ ವರ್ ಮೆಶರ್ಡ್’ ಎಂದು ಬರೆದಿರುತ್ತೀರಿ. ಇಂಗ್ಲಿಷ್ ವ್ಯಾಕರಣದ ಪ್ರಕಾರ ಮೊದಲ ತುಂಡಿನ ಕೆಲಸ ಮಾಡಿದವರು ಅಲ್ಪವಿರಾಮದ ನಂತರ ತಕ್ಷಣ ಬರಬೇಕು. ಇಲ್ಲಿ ಬಂದದ್ದು ಪ್ಲಾಟ್‌ಗಳು. ಪ್ಲಾಟ್‌ಗಳೇ ಡೆನ್ಸಿಯೋಮೀಟರ್ ಹಿಡಿದು ನಿಂತಂತಾಯಿತು! ‘ಯೂಸಿಂಗ್ ಎ ಡೆನ್ಸಿಯೋಮೀಟರ್, ವಿ ಮೆಶರ್ಡ್’ ಎಂದರೆ ಸರಿ. ಕರ್ಮಣಿಯೇ ಬೇಕೆಂದರೆ ‘ವಿತ್ ಎ ಡೆನ್ಸಿಯೋಮೀಟರ್’ ಎಂದು ವಾಕ್ಯದ ಕೊನೆಗೆ ಹಾಕಿ.

ಕನ್ನಡದವರು ಇಂಗ್ಲಿಷ್ ಕರ್ಮಣಿಯಲ್ಲಿ ಹೆಚ್ಚಾಗಿ ಎಲ್ಲಿ ಎಡವುತ್ತಾರೆ?

ಎರಡು ಕಡೆ. ಮೊದಲನೆಯದು ಏಕವಚನ ಬಹುವಚನ. ನಮ್ಮ ‘ಲಾಯಿತು’ ಯಾವುದಕ್ಕೂ ಬಗ್ಗುವುದಿಲ್ಲ. ಒಂದು ಗಿಡ ಕಿತ್ತರೂ ‘ಕೀಳಲಾಯಿತು’, ನೂರು ಕಿತ್ತರೂ ‘ಕೀಳಲಾಯಿತು’. ಇಂಗ್ಲಿಷ್‌ನಲ್ಲಿ ಕ್ರಿಯಾಪದ ವಸ್ತುವಿನ ಹಿಂದೆ ಹೋಗಬೇಕು: ಪ್ಲಾಂಟ್ ವಾಸ್, ಪ್ಲಾಂಟ್ಸ್ ವರ್. ಮಧ್ಯೆ ನಾಲ್ಕು ಪದ ಸೇರಿದರೆ ಸಾಕು, ‘ಸ್ಯಾಂಪಲ್ಸ್ ಆಫ್ ಸಾಯಿಲ್ ಫ್ರಮ್ ಈಚ್ ಪ್ಲಾಟ್ ವಾಸ್’ ಎಂದು ಕೈ ಬರೆದುಬಿಡುತ್ತದೆ.

ಎರಡನೆಯದು ಸೂಕ್ಷ್ಮ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಅದಕ್ಕೆ ಕಾಯುವುದು ನಮಗೆ ರೂಢಿ. ಅದೇ ಅಭ್ಯಾಸದಲ್ಲಿ ಇಂಗ್ಲಿಷ್‌ನಲ್ಲೂ ಮೂರು ಸಾಲಿನ ವರ್ಣನೆ ಮೊದಲು ಹಾಕಿ, ಕೊನೆಗೆ ‘ವರ್ ಕೌಂಟೆಡ್’ ಎಂದು ಮುಗಿಸುತ್ತೇವೆ. ‘ಉಬ್ಬುಗೆರೆ ಇರುವ, ಎಲೆ ಹಳದಿಯಾದ, ಐದು ವರ್ಷ ದಾಟಿದ ಗಿಡಗಳು’ ಎಂಬಷ್ಟು ಭಾರವಾದ ಕರ್ತೃಪದ ಹೊತ್ತು ಇಂಗ್ಲಿಷ್ ಓದುಗರು ಕ್ರಿಯಾಪದಕ್ಕಾಗಿ ಕಾಯುವುದಿಲ್ಲ, ಕಳೆದುಹೋಗುತ್ತಾರೆ. ಅಂಥ ಕಡೆ ‘ವಿ ಕೌಂಟೆಡ್’ ಎಂದು ಶುರು ಮಾಡಿ ಭಾರವನ್ನು ಹಿಂದಕ್ಕೆ ಬಿಡಿ.

ಪೇಪರ್‌ಗೆ ನಾನೊಬ್ಬನೇ ಲೇಖಕ. ‘ವಿ’ ಎನ್ನಬೇಕಾ, ‘ಐ’ ಎನ್ನಬೇಕಾ?

‘ಐ’ ಎನ್ನಬಹುದು, ಮುಜುಗರ ಬೇಡ. ‘ದ ಆಥರ್’ ಎಂದು ನಿಮ್ಮನ್ನೇ ಮೂರನೆಯವರಂತೆ ಕರೆದುಕೊಳ್ಳುವುದನ್ನು ಎಪಿಎ ಬೇಡ ಎನ್ನುತ್ತದೆ.

ಇದರ ಬಗ್ಗೆ ಒಂದು ತಮಾಷೆಯ ನಿಜ ಸಂಗತಿ ಇದೆ. ಅಮೆರಿಕದ ಭೌತವಿಜ್ಞಾನಿ ಜ್ಯಾಕ್ ಹೆದರಿಂಗ್‌ಟನ್ ಒಂದು ಪೇಪರನ್ನು ಒಬ್ಬರೇ ಬರೆದು, ಉದ್ದಕ್ಕೂ ‘ವಿ’ ಹಾಕಿದ್ದರು. ಲೇಖಕ ಒಬ್ಬನೇ ಆದರೆ ಪತ್ರಿಕೆ ‘ವಿ’ ಒಪ್ಪುವುದಿಲ್ಲ ಎಂದು ಸಹೋದ್ಯೋಗಿಯೊಬ್ಬರು ಎಚ್ಚರಿಸಿದರು. ಟೈಪ್‌ರೈಟರ್ ಕಾಲ, ಇಡೀ ಪೇಪರ್ ಮತ್ತೆ ಹೊಡೆಯಬೇಕಿತ್ತು. ಅದರ ಬದಲು ಅವರು ತಮ್ಮ ಸಾಕಿದ ಬೆಕ್ಕಿಗೆ ಎಫ್. ಡಿ. ಸಿ. ವಿಲಾರ್ಡ್ ಎಂದು ಹೆಸರಿಟ್ಟು ಎರಡನೇ ಲೇಖಕನಾಗಿ ಸೇರಿಸಿದರು. ಪೇಪರ್ 1975ರಲ್ಲಿ ಫಿಸಿಕಲ್ ರಿವ್ಯೂ ಲೆಟರ್ಸ್‌ನಲ್ಲಿ ಅಚ್ಚಾಯಿತು. ಈಗ ಕಂಪ್ಯೂಟರ್ ಇದೆ, ಬೆಕ್ಕು ಬೇಕಾಗುವುದಿಲ್ಲ.

ಕನ್ನಡದಲ್ಲೇ ವರದಿ ಬರೆಯುವಾಗ ‘ಮಾಡಲ್ಪಟ್ಟಿತು’ ಸರಿಯಾ?

ವ್ಯಾಕರಣದಲ್ಲಿ ತಪ್ಪಿಲ್ಲ, ಕಿವಿಗೆ ಹಿತವಿಲ್ಲ. ಬೆಳೆಗಾರರಿಗಾಗಿ ಬರೆಯುವ ವರದಿಯಲ್ಲಂತೂ ‘ಗಿಡಗಳು ಕೀಳಲ್ಪಟ್ಟವು’ ಎಂದರೆ ಯಾರೂ ಮುಂದೆ ಓದುವುದಿಲ್ಲ. ಕರ್ಮಣಿ ಬೇಕಾದಲ್ಲಿ ‘ಕೀಳಲಾಯಿತು’ ಸಾಕು. ‘ಕಿತ್ತೆವು’ ಎಂದರೆ ಇನ್ನೂ ಚೆನ್ನ. ಮಾಡಬೇಕಾದ ಕೆಲಸ ಹೇಳುವಾಗ ಎರಡೂ ಬೇಡ. ‘ದುಂಬಿ ಹಾರುವ ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್‌ಗೆ ಮೊದಲೇ ಪೀಡಿತ ಗಿಡ ಹುಡುಕಿ ಕಿತ್ತು ಸುಡಿ’ ಎಂದು ನೇರ ಹೇಳಿ. ‘ಸುಡುವುದು ಸೂಕ್ತವೆಂದು ಶಿಫಾರಸು ಮಾಡಲಾಗಿದೆ’ ಎಂದರೆ ಯಾರು ಯಾರಿಗೆ ಹೇಳಿದ್ದು ಎಂದೇ ತಿಳಿಯುವುದಿಲ್ಲ.

ನನ್ನ ಗೈಡ್ ಸರ್ ‘ವಿ’ ಕಂಡಲ್ಲೆಲ್ಲ ಕೆಂಪು ಗೆರೆ ಎಳೆಯುತ್ತಾರೆ. ಏನು ಮಾಡಲಿ?

ಥೀಸಿಸ್ ಆದರೆ ಜಗಳ ಬೇಡ. ಕರ್ಮಣಿಯಲ್ಲೇ ಕರ್ತೃವನ್ನು ಒಳಗೆ ತರಬಹುದು: ‘ಗಿಡಗಳನ್ನು ಇಬ್ಬರು ಟ್ರೇಸಿಂಗ್ ಕೆಲಸಗಾರರಿಂದ ಪರೀಕ್ಷೆ ಮಾಡಿಸಲಾಯಿತು’, ‘ಮಳೆ ಅಂಕಿಗಳನ್ನು ತೋಟದ ದಾಖಲೆ ಪುಸ್ತಕದಿಂದ ತೆಗೆದುಕೊಳ್ಳಲಾಯಿತು’. ಇಂಗ್ಲಿಷ್‌ನಲ್ಲಿ ‘ಬೈ’ ಹಾಕಿ ಇದೇ ಕೆಲಸ ಮಾಡಿ. ‘ವಿ’ ಇಲ್ಲದಿದ್ದರೂ ಯಾರು ಮಾಡಿದರು ಎಂಬುದು ಉಳಿಯುತ್ತದೆ. ‘ಕೈಬಿಡಲಾಯಿತು’ ಮುಂದೆ ಕಾರಣವನ್ನೂ ಬರೆದುಬಿಡಿ, ಅದಕ್ಕೆ ಯಾವ ಗೈಡ್ ಸಹ ಗೆರೆ ಎಳೆಯುವುದಿಲ್ಲ.

ಪೇಪರ್ ಆದರೆ ಪತ್ರಿಕೆಯ ಸೂಚನೆಗಳ ಪುಟವನ್ನು ಪ್ರಿಂಟ್ ತೆಗೆದು ಡ್ರಾಫ್ಟ್ ಜೊತೆ ಇಟ್ಟುಕೊಡಿ. ‘ಸರ್, ಪತ್ರಿಕೆಯವರು ಹೀಗೆ ಕೇಳಿದ್ದಾರೆ’ ಎಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಕೊನೆಯ ಸಲ ಓದುವಾಗ ಇದನ್ನು ಹುಡುಕುವುದು ಹೇಗೆ?

ಡ್ರಾಫ್ಟ್ ತೆರೆದು Ctrl+F ಒತ್ತಿ `were` ಹುಡುಕಿ, ಆಮೇಲೆ `was`, `been`. ಪ್ರತಿಯೊಂದರ ಮುಂದೆ ಯಾರು ಮಾಡಿದ್ದೆಂದು ಮಾರ್ಜಿನ್‌ನಲ್ಲಿ ಪೆನ್ಸಿಲ್‌ನಿಂದ ಬರೆಯಿರಿ: ನಾನು, ಗೆಳತಿ, ತೋಟದ ರೈಟರ್, ಲ್ಯಾಬ್‌ನವರು, ಮಷಿನ್. ಎಲ್ಲ ಕಡೆ ‘ನಾನು’ ಎಂದೇ ಬಂದರೆ ಹೆಚ್ಚಿನ ವಾಕ್ಯಗಳನ್ನು ಕರ್ಮಣಿಯಲ್ಲೇ ಬಿಡಬಹುದು. ತೀರ್ಮಾನಗಳನ್ನು ಮಾತ್ರ ಬದಲಾಯಿಸಿ. ಹೆಸರುಗಳು ಬೇರೆ ಬೇರೆ ಬಂದರೆ ಆ ವಾಕ್ಯಗಳನ್ನು ತಿದ್ದಲೇಬೇಕು. ಯಾವುದಾದರೂ ವಾಕ್ಯದ ಮುಂದೆ ಯಾರ ಹೆಸರು ಬರೆಯಬೇಕೆಂದು ನಿಮಗೇ ಗೊತ್ತಾಗದಿದ್ದರೆ, ಪೇಪರ್ ಕಳಿಸುವ ಮೊದಲು ಫೀಲ್ಡ್ ಪುಸ್ತಕ ತೆಗೆದು ನೋಡಿ, ಇಲ್ಲವೇ ತೋಟಕ್ಕೆ ಫೋನ್ ಮಾಡಿ ಕೇಳಿ.